ಕ್ಯಾಲೆಂಡರ್‌ಗೆ ಸೇರಿಸುವ ಕೊಂಡಿ

ಕ್ಯಾಲೆಂಡರ್‌ಗೆ ಸೇರಿಸುವ ಕೊಂಡಿ ಎಂದರೆ ಸಭೆ, ಸಮಾರಂಭ, ಉಪನ್ಯಾಸ, ಸ್ಮರಣ ದಿನ ಮೊದಲಾದ ಕಾರ್ಯಕ್ರಮಗಳ ಪ್ರಕಟಣೆಯ ಜೊತೆಗೆ ಕೊಡಲಾಗುವ ಒಂದು ಕೊಂಡಿ. ಓದುಗನು ಅದನ್ನು ಒತ್ತಿದಾಗ ಕಾರ್ಯಕ್ರಮದ ಹೆಸರು, ದಿನಾಂಕ, ಆರಂಭ ಮತ್ತು ಮುಕ್ತಾಯದ ಸಮಯ ಹಾಗೂ ಸ್ಥಳ ಅವನ ಸ್ವಂತ ಮೊಬೈಲ್ ಅಥವಾ ಗಣಕದ ಕ್ಯಾಲೆಂಡರ್‌ನಲ್ಲಿ ದಾಖಲಾಗುತ್ತವೆ. ಆಹ್ವಾನ ಪತ್ರಿಕೆಯನ್ನು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿಗೆ ಸುತ್ತು ಹಾಕಿಕೊಳ್ಳುವ ಹಳೆಯ ರೂಢಿಯನ್ನೇ ಇದು ಯಂತ್ರದ ಮೂಲಕ ಮಾಡುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಸುತ್ತು ಹಾಕುವವನು ಓದುಗನಲ್ಲ, ಪ್ರಕಟಣೆ ಸಿದ್ಧಪಡಿಸಿದವನು. ಆದ್ದರಿಂದ ಅವನು ಮಾಡಿದ ತಪ್ಪು ಒತ್ತಿದವರೆಲ್ಲರ ಕ್ಯಾಲೆಂಡರ್‌ಗೂ ಹೋಗುತ್ತದೆ.

ಈ ಲೇಖನದಲ್ಲಿ ಕೊಂಡಿಯ ರಚನೆಯನ್ನು ಹಾವೇರಿ ಜಿಲ್ಲೆಯ ಎರಡು ದಿನಾಂಕಗಳ ಮೂಲಕ ವಿವರಿಸಲಾಗಿದೆ. ಒಂದು, ಹಾವೇರಿ ತಾಲ್ಲೂಕಿನ ಹೊಸರಿತ್ತಿಯೊಂದಿಗೆ ಸೇರಿಕೊಂಡಿರುವ ಏಪ್ರಿಲ್ 1. ಇನ್ನೊಂದು, 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಮೂರು ದಿನಗಳು.

## ಹಿನ್ನೆಲೆ

ಬೇರೆ ಬೇರೆ ಕಂಪನಿಗಳ ಕ್ಯಾಲೆಂಡರ್‌ಗಳು ಒಂದರ ದಾಖಲೆಯನ್ನು ಇನ್ನೊಂದು ಓದಿಕೊಳ್ಳಬೇಕಾದರೆ ಎಲ್ಲಕ್ಕೂ ಸಮಾನವಾದ ಒಂದು ಬರಹದ ಕ್ರಮ ಬೇಕು. 1990ರ ದಶಕದ ನಡುವೆ ವಿಕ್ಯಾಲೆಂಡರ್ ಎಂಬ ಕ್ರಮ ಬಳಕೆಗೆ ಬಂತು. ಅದನ್ನು ಆಧರಿಸಿ 1998ರ ನವೆಂಬರ್‌ನಲ್ಲಿ ಐಕ್ಯಾಲೆಂಡರ್ ಎಂಬ ಮಾನಕವು RFC 2445 ಎಂಬ ಸಂಖ್ಯೆಯಲ್ಲಿ ಪ್ರಕಟವಾಯಿತು. 2009ರ ಸೆಪ್ಟೆಂಬರ್‌ನಲ್ಲಿ ಅದರ ಪರಿಷ್ಕೃತ ರೂಪವಾದ RFC 5545 ಬಂತು. ಇಂದಿಗೂ ಗೂಗಲ್, ಆ್ಯಪಲ್, ಮೈಕ್ರೋಸಾಫ್ಟ್ ಕ್ಯಾಲೆಂಡರ್‌ಗಳೆಲ್ಲ ಓದುವುದು ಈ ಕ್ರಮವನ್ನೇ. ಈ ಕ್ರಮದಲ್ಲಿ ಬರೆದ ಕಡತದ ಹೆಸರು `.ics` ಎಂದು ಕೊನೆಗೊಳ್ಳುತ್ತದೆ. ಅದು ಗೂಢವಾದುದೇನಲ್ಲ. ಸಾಮಾನ್ಯ ಪಠ್ಯ ಸಂಪಾದಕದಲ್ಲಿ ತೆರೆದು ಓದಬಹುದಾದ, ಕೈಯಿಂದಲೇ ಬರೆಯಬಹುದಾದ ಕೆಲವು ಸಾಲುಗಳ ಪಠ್ಯವಷ್ಟೇ.

## ಎರಡು ಬಗೆಯ ಕೊಂಡಿಗಳು

ಕೊಂಡಿ ಎರಡು ಬಗೆಯದಾಗಿರಬಹುದು. ಮೊದಲನೆಯದು `.ics` ಕಡತಕ್ಕೆ ಕರೆದೊಯ್ಯುವ ಕೊಂಡಿ. ಓದುಗನು ಒತ್ತಿದಾಗ ಕಡತವು ಅವನ ಸಾಧನಕ್ಕೆ ಇಳಿಯುತ್ತದೆ, ಸಾಧನದಲ್ಲಿರುವ ಕ್ಯಾಲೆಂಡರ್ ಅದನ್ನು ತೆರೆದು ಸೇರಿಸಲೇ ಎಂದು ಕೇಳುತ್ತದೆ. ಐಫೋನ್, ಮ್ಯಾಕ್, ಔಟ್‌ಲುಕ್ ಬಳಸುವವರಿಗೆ ಇದು ಸುಲಭ.

ಎರಡನೆಯದರಲ್ಲಿ ಕಡತವೇ ಇರುವುದಿಲ್ಲ. ಕಾರ್ಯಕ್ರಮದ ವಿವರಗಳನ್ನೆಲ್ಲ ಕೊಂಡಿಯ ವಿಳಾಸದೊಳಗೇ ತುಂಬಿ ಆನ್‌ಲೈನ್ ಕ್ಯಾಲೆಂಡರ್ ಒಂದಕ್ಕೆ ಕಳುಹಿಸಲಾಗುತ್ತದೆ. ಗೂಗಲ್ ಕ್ಯಾಲೆಂಡರ್‌ಗೆ ಕಳುಹಿಸುವ ಕೊಂಡಿ ಹೀಗಿರುತ್ತದೆ (ವಿಳಾಸವು ಒಂದೇ ಸಾಲಿನಲ್ಲಿರಬೇಕು):

```
https://calendar.google.com/calendar/render?action=TEMPLATE&text=Hosaritti+Smarane&dates=20270401T043000Z/20270401T070000Z&location=Hosaritti
```

ಇದನ್ನು ಒತ್ತಿದರೆ ಹೆಸರು, ಸಮಯ, ಸ್ಥಳ ತುಂಬಿದ ಒಂದು ಹೊಸ ನಮೂದು ತೆರೆದುಕೊಳ್ಳುತ್ತದೆ. ಓದುಗನು ಉಳಿಸುವ ಗುಂಡಿಯನ್ನು ಒತ್ತಿದ ಮೇಲೆಯೇ ಅದು ದಾಖಲಾಗುವುದು. ಅವನು ಗೂಗಲ್ ಖಾತೆಗೆ ಪ್ರವೇಶಿಸಿರಬೇಕಾದುದು ಅವಶ್ಯ.

ಕರ್ನಾಟಕದಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಆ್ಯಂಡ್ರಾಯ್ಡ್ ಮೊಬೈಲ್. ಗೂಗಲ್ ಕ್ಯಾಲೆಂಡರ್‌ನ ಆಮದು ಸೌಲಭ್ಯ ಇರುವುದು ಗಣಕದ ಬ್ರೌಸರ್‌ನಲ್ಲಿ. ಮೊಬೈಲಿನಲ್ಲಿ `.ics` ಕಡತವು ಇಳಿದರೂ ಎಷ್ಟೋ ವೇಳೆ ಡೌನ್‌ಲೋಡ್‌ಗಳ ರಾಶಿಯಲ್ಲಿ ಸುಮ್ಮನೆ ಬಿದ್ದಿರುತ್ತದೆ, ಬಳಕೆದಾರನಿಗೆ ಏನೂ ಆಗಲಿಲ್ಲವೆಂದು ತೋರುತ್ತದೆ. ಈ ಕಾರಣದಿಂದ ಎರಡೂ ಕೊಂಡಿಗಳನ್ನು ಅಕ್ಕಪಕ್ಕದಲ್ಲಿ ಕೊಟ್ಟು, ಒಂದಕ್ಕೆ "ಗೂಗಲ್ ಕ್ಯಾಲೆಂಡರ್", ಇನ್ನೊಂದಕ್ಕೆ "ಇತರ ಕ್ಯಾಲೆಂಡರ್" ಎಂದು ಹೆಸರಿಡುವುದು ಉತ್ತಮ.

## ಹೊಸರಿತ್ತಿಯ ಏಪ್ರಿಲ್ 1: ಒಂದು ಕಡತದ ರಚನೆ

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರಾದ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರ ದಂಡಿಯಾತ್ರೆಯಲ್ಲಿ ಪಾಲ್ಗೊಂಡಿದ್ದವರು. ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ, 1943ರ ಏಪ್ರಿಲ್ 1ರಂದು, ಅವರು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಅಂದೇ ಹುತಾತ್ಮರಾದರು. ದಿನಾಂಕ, ಸ್ಥಳ ಎರಡೂ ನಿಶ್ಚಿತವಾಗಿರುವ ಇಂತಹ ದಿನವು ಕ್ಯಾಲೆಂಡರ್ ಕೊಂಡಿಯನ್ನು ವಿವರಿಸಲು ಅನುಕೂಲವಾದುದು.

2027ರ ಏಪ್ರಿಲ್ 1, ಗುರುವಾರ, ಬೆಳಿಗ್ಗೆ 10 ಗಂಟೆಗೆ ಆರಂಭವಾಗಿ ಮಧ್ಯಾಹ್ನ 12:30ಕ್ಕೆ ಮುಗಿಯುವ ಸ್ಮರಣೆಯ ಸಭೆಯೊಂದು ಹೊಸರಿತ್ತಿಯಲ್ಲಿದೆ ಎಂದು ಉದಾಹರಣೆಗೆ ಭಾವಿಸಿಕೊಳ್ಳಬಹುದು. ಅದರ ಕಡತ ಹೀಗಿರುತ್ತದೆ:

```
BEGIN:VCALENDAR
VERSION:2.0
PRODID:-//Example//Hosaritti//KN
BEGIN:VEVENT
UID:smarane-20270401@example.org
DTSTAMP:20270215T060000Z
DTSTART:20270401T043000Z
DTEND:20270401T070000Z
SUMMARY:ಹುತಾತ್ಮರ ಸ್ಮರಣೆ
LOCATION:ಹೊಸರಿತ್ತಿ\, ಹಾವೇರಿ
  ತಾಲ್ಲೂಕು
END:VEVENT
END:VCALENDAR
```

ಹೊರಗಿನ ಚೌಕಟ್ಟು `VCALENDAR`, ಒಳಗಿನ ಚೌಕಟ್ಟು `VEVENT`. ತೆರೆದ ಪ್ರತಿಯೊಂದು `BEGIN`ಗೂ ಮುಚ್ಚುವ `END` ಇರಲೇಬೇಕು. `PRODID` ಕಡತವನ್ನು ರಚಿಸಿದ ಸಾಧನದ ಗುರುತು. `DTSTAMP` ಈ ದಾಖಲೆಯನ್ನು ಬರೆದ ಸಮಯವೇ ಹೊರತು ಸಭೆಯ ಸಮಯವಲ್ಲ. `UID` ಎಂಬುದು ಈ ಸಭೆಗೆ ಮಾತ್ರ ಸೇರಿದ, ಬೇರೆ ಯಾವ ಕಾರ್ಯಕ್ರಮಕ್ಕೂ ಇರದ ಗುರುತು. ಮುಂದಿನ ವರ್ಷದ ಸಭೆಗೆ ಹಳೆಯ ಕಡತವನ್ನೇ ನಕಲು ಮಾಡಿ ದಿನಾಂಕವನ್ನು ಮಾತ್ರ ತಿದ್ದುವವರು `UID`ಯನ್ನು ಬದಲಿಸಲು ಮರೆಯುವುದುಂಟು. ಆಗ ಕೆಲವು ಕ್ಯಾಲೆಂಡರ್‌ಗಳು ಹೊಸ ಸಭೆಯನ್ನು ಹಳೆಯದರ ತಿದ್ದುಪಡಿ ಎಂದು ಭಾವಿಸಿ ಹಿಂದಿನ ವರ್ಷದ ನಮೂದನ್ನು ಅಳಿಸಿಬಿಡುತ್ತವೆ.

`LOCATION` ಸಾಲಿನಲ್ಲಿ ಅಲ್ಪವಿರಾಮದ ಹಿಂದೆ ಒಂದು ಓರೆಗೆರೆ ಇರುವುದನ್ನು ಗಮನಿಸಬೇಕು. ಈ ಕ್ರಮದಲ್ಲಿ ಅಲ್ಪವಿರಾಮ ಮತ್ತು ಅರ್ಧವಿರಾಮಗಳಿಗೆ ಬೇರೆ ಕೆಲಸವಿದೆ. ಅವು ಬರಹದ ಭಾಗವೇ ಆಗಿದ್ದರೆ ಹಿಂದೆ `\` ಸೇರಿಸಬೇಕು. ಬರಹದ ನಡುವೆ ಹೊಸ ಸಾಲು ಬೇಕಾದರೆ `\n` ಎಂದು ಬರೆಯಬೇಕು, ಎಂಟರ್ ಕೀಲಿಯನ್ನು ಒತ್ತಬಾರದು.

ಕಡತವನ್ನು ಸರ್ವರ್‌ಗೆ ಏರಿಸಿದ ಮೇಲೆ ಕೊಂಡಿ ಸರಳವಾದುದು:

```
<a href="smarane.ics">ಕ್ಯಾಲೆಂಡರ್‌ಗೆ ಸೇರಿಸಿ</a>
```

ಸರ್ವರ್ ಈ ಕಡತವನ್ನು `text/calendar; charset=utf-8` ಎಂಬ ಗುರುತಿನೊಂದಿಗೆ ಕಳುಹಿಸಬೇಕು. ಒತ್ತಿದಾಗ ಕ್ಯಾಲೆಂಡರ್ ತೆರೆಯುವ ಬದಲು `BEGIN:VCALENDAR` ಎಂದು ಆರಂಭವಾಗುವ ಸಾಲುಗಳೇ ಪರದೆಯ ಮೇಲೆ ಕಾಣಿಸಿದರೆ ಸರ್ವರ್ ಅದನ್ನು ಬರಿಯ ಪಠ್ಯವೆಂದು ಕಳುಹಿಸುತ್ತಿದೆ ಎಂದು ತಿಳಿಯಬಹುದು. ಆಗ ತಿದ್ದಬೇಕಾದುದು ಕಡತವನ್ನಲ್ಲ, ಸರ್ವರ್‌ನ ಹೊಂದಿಕೆಯನ್ನು.

## ಸಮಯ: ಐದೂವರೆ ಗಂಟೆಯ ಲೆಕ್ಕ

ಸಭೆ ಬೆಳಿಗ್ಗೆ 10ಕ್ಕೆ ಇದ್ದರೂ ಕಡತದಲ್ಲಿ `043000Z` ಎಂದಿದೆ. ಕೊನೆಯಲ್ಲಿರುವ `Z` ಅಕ್ಷರವು ಈ ಸಮಯವು ಯುಟಿಸಿ, ಅಂದರೆ ವಿಶ್ವ ಸಮನ್ವಯ ಸಮಯ, ಎಂದು ಸೂಚಿಸುತ್ತದೆ. ಭಾರತೀಯ ಸಮಯವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಆದ್ದರಿಂದ ಆಹ್ವಾನ ಪತ್ರಿಕೆಯ ಸಮಯದಿಂದ ಐದೂವರೆ ಗಂಟೆ ಕಳೆದು ಬರೆಯಬೇಕು. ಹತ್ತರಿಂದ ಕಳೆದರೆ ನಾಲ್ಕೂವರೆ, ಹನ್ನೆರಡೂವರೆಯಿಂದ ಕಳೆದರೆ ಏಳು. ಓದುಗನ ಕ್ಯಾಲೆಂಡರ್ ಇದನ್ನು ಅವನಿರುವ ಊರಿನ ಸಮಯಕ್ಕೆ ಮತ್ತೆ ಪರಿವರ್ತಿಸಿಕೊಳ್ಳುತ್ತದೆ.

ಬೆಳಗಿನ ಜಾವದ ಕಾರ್ಯಕ್ರಮಗಳಲ್ಲಿ ಈ ಕಳೆಯುವ ಲೆಕ್ಕ ದಿನಾಂಕವನ್ನೂ ಹಿಂದಕ್ಕೆ ಒಯ್ಯುತ್ತದೆ. ಏಪ್ರಿಲ್ 1ರಂದು ಬೆಳಿಗ್ಗೆ 5 ಗಂಟೆಗೆ ಪ್ರಭಾತಫೇರಿ ಇದ್ದರೆ ಕಡತದಲ್ಲಿ ಮಾರ್ಚ್ 31 ಎಂದೇ ಬರಬೇಕು:

```
DTSTART:20270331T233000Z
```

ಇದನ್ನು ನೋಡಿ ಯಾರೋ ತಪ್ಪು ಬರೆದಿದ್ದಾರೆಂದು "ಸರಿಪಡಿಸಲು" ಹೋಗಿ ತಾರೀಖನ್ನು ಏಪ್ರಿಲ್ 1 ಮಾಡಿದರೆ ಪ್ರಭಾತಫೇರಿ ಏಪ್ರಿಲ್ 2ಕ್ಕೆ ಹೋಗುತ್ತದೆ.

ಸಮಯದ ಎರಡು ತಪ್ಪುಗಳನ್ನು ಅವುಗಳ ಲಕ್ಷಣದಿಂದಲೇ ಗುರುತಿಸಬಹುದು. ಮೊದಲನೆಯದು, ಕಳೆಯುವುದನ್ನು ಮರೆತು `100000Z` ಎಂದು ಬರೆಯುವುದು. ಆಗ ಹೊಸರಿತ್ತಿಯಲ್ಲಿರುವವರ ಮೊಬೈಲಿನಲ್ಲಿ ಸಭೆ ಮಧ್ಯಾಹ್ನ 3:30ಕ್ಕೆ ಎಂದು ಕಾಣುತ್ತದೆ. ತೋರುವ ಸಮಯಕ್ಕೂ ನಿಜವಾದ ಸಮಯಕ್ಕೂ ಸರಿಯಾಗಿ ಐದೂವರೆ ಗಂಟೆಯ ಅಂತರ ಇದ್ದರೆ ಕಾರಣ ಇದೇ.

ಎರಡನೆಯ ತಪ್ಪು ಹೆಚ್ಚು ಮೋಸದ್ದು. `Z` ಅಕ್ಷರವನ್ನು ಬಿಟ್ಟು `20270401T100000` ಎಂದು ಬರೆದರೆ ಅದು ಯಾವ ಸಮಯ ವಲಯಕ್ಕೂ ಸೇರದ ತೇಲುವ ಸಮಯವಾಗುತ್ತದೆ. ಅದನ್ನು ಓದುವ ಪ್ರತಿಯೊಂದು ಸಾಧನವೂ ತನ್ನ ಊರಿನ ಹತ್ತು ಗಂಟೆ ಎಂದು ಅರ್ಥ ಮಾಡಿಕೊಳ್ಳುತ್ತದೆ. ಕರ್ನಾಟಕದಲ್ಲಿ ಕುಳಿತು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತಪ್ಪು ಬಯಲಾಗುವುದು ಪರದೇಶದಲ್ಲಿ. ಸಭೆಯ ನೇರ ಪ್ರಸಾರವನ್ನು ನೋಡಬೇಕೆಂದಿರುವ ಕ್ಯಾಲಿಫೋರ್ನಿಯಾದ ಕನ್ನಡಿಗರೊಬ್ಬರ ಮೊಬೈಲು ಏಪ್ರಿಲ್ 1ರಂದು ಅಲ್ಲಿನ ಬೆಳಿಗ್ಗೆ ಹತ್ತಕ್ಕೆ ಎಚ್ಚರಿಸುತ್ತದೆ. ಆ ಹೊತ್ತಿಗೆ ಹೊಸರಿತ್ತಿಯಲ್ಲಿ ರಾತ್ರಿ ಹತ್ತೂವರೆಯಾಗಿ, ಸಭೆ ಮುಗಿದು ಹತ್ತು ಗಂಟೆಗಳೇ ಕಳೆದಿರುತ್ತವೆ. ಅವರಿಗೆ ಕಾಣಬೇಕಾಗಿದ್ದ ಸರಿಯಾದ ಸಮಯ ಮಾರ್ಚ್ 31ರ ರಾತ್ರಿ 9:30. ಲಂಡನ್ನಿನಲ್ಲಿರುವವರಿಗೆ ಅದು ಏಪ್ರಿಲ್ 1ರ ಬೆಳಿಗ್ಗೆ 5:30. `Z` ಇರುವ ಕಡತದಲ್ಲಿ ಈ ಲೆಕ್ಕವೆಲ್ಲ ತಾನಾಗಿಯೇ ಆಗುತ್ತದೆ. ಪ್ರಕಟಣೆ ಸಿದ್ಧಪಡಿಸಿದವರು ತಮ್ಮ ಮೊಬೈಲಿನ ಸಮಯ ವಲಯವನ್ನು ತಾತ್ಕಾಲಿಕವಾಗಿ ಲಂಡನ್‌ಗೆ ಬದಲಿಸಿ ನಮೂದು ಸರಿಯುತ್ತದೆಯೇ ಎಂದು ನೋಡಿದರೆ ಈ ದೋಷವನ್ನು ಮನೆಯಲ್ಲೇ ಪತ್ತೆ ಹಚ್ಚಬಹುದು.

ಯುಟಿಸಿಯ ಬದಲು `TZID=Asia/Kolkata` ಎಂದು ವಲಯವನ್ನು ಹೆಸರಿಸಿ ಸ್ಥಳೀಯ ಸಮಯವನ್ನೇ ಬರೆಯಲೂ ಅವಕಾಶವಿದೆ. ಆದರೆ ಮಾನಕದ ಪ್ರಕಾರ ಹಾಗೆ ಮಾಡಿದಾಗ ಆ ವಲಯದ ವಿವರಣೆಯನ್ನೂ `VTIMEZONE` ಎಂಬ ಪ್ರತ್ಯೇಕ ಭಾಗದಲ್ಲಿ ಸೇರಿಸಬೇಕಾಗುತ್ತದೆ. ಭಾರತದಲ್ಲಿ ಗಡಿಯಾರವನ್ನು ವರ್ಷಕ್ಕೆರಡು ಬಾರಿ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲದಿರುವುದರಿಂದ ಯುಟಿಸಿ ಕ್ರಮವೇ ಸುಲಭ ಮತ್ತು ಸುರಕ್ಷಿತ. (ಈ ಮಾತು ಇಂದಿನ ಸಭೆಗಳಿಗೆ ಅನ್ವಯಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಡಲಾಗಿತ್ತು. 1943ರ ಏಪ್ರಿಲ್ 1ರಂದು ಭಾರತದ ಸಮಯವು ಯುಟಿಸಿಗಿಂತ ಐದೂವರೆಯಲ್ಲ, ಆರೂವರೆ ಗಂಟೆ ಮುಂದಿತ್ತು. ಗಣಕಗಳು ಬಳಸುವ ಸಮಯ ವಲಯದ ಕೋಷ್ಟಕದಲ್ಲಿ ಈ ಸಂಗತಿ ಇಂದಿಗೂ ದಾಖಲಾಗಿದೆ.)

## ಇಡೀ ದಿನದ ಕಾರ್ಯಕ್ರಮ: ಹಾವೇರಿ ಸಮ್ಮೇಳನ

86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು 2023ರ ಜನವರಿ 6, 7 ಮತ್ತು 8ರಂದು ಹಾವೇರಿಯಲ್ಲಿ ನಡೆಯಿತು. ಕವಿ ದೊಡ್ಡರಂಗೇಗೌಡರು ಅದರ ಸರ್ವಾಧ್ಯಕ್ಷರಾಗಿದ್ದರು. ಇಂತಹ ಕಾರ್ಯಕ್ರಮಕ್ಕೆ ಇಂತಿಷ್ಟು ಗಂಟೆಗೆ ಎಂದು ಹೇಳುವಂತಿಲ್ಲ, ಮೂರು ಪೂರ್ಣ ದಿನಗಳನ್ನು ಗುರುತಿಸಬೇಕು. ಆಗ ಸಮಯವನ್ನು ಬಿಟ್ಟು ದಿನಾಂಕವನ್ನು ಮಾತ್ರ ಬರೆಯಲಾಗುತ್ತದೆ:

```
DTSTART;VALUE=DATE:20230106
DTEND;VALUE=DATE:20230109
```

ಸಮ್ಮೇಳನ ಮುಗಿದದ್ದು ಜನವರಿ 8ಕ್ಕೆ. ಕಡತದಲ್ಲಿರುವುದು ಜನವರಿ 9. ಇದು ಅಚ್ಚಿನ ತಪ್ಪಲ್ಲ. ಐಕ್ಯಾಲೆಂಡರ್ ಕ್ರಮದಲ್ಲಿ `DTEND` ಎಂದರೆ ಕಾರ್ಯಕ್ರಮದ ಕೊನೆಯ ದಿನವಲ್ಲ, ಕಾರ್ಯಕ್ರಮ ಇಲ್ಲದ ಮೊದಲ ದಿನ. ಸಮಯದ ವಿಷಯದಲ್ಲಿ ಇದು ಸಹಜವಾಗಿಯೇ ತೋರುತ್ತದೆ. ಸಭೆ 12:30ಕ್ಕೆ ಮುಗಿಯುತ್ತದೆ ಎಂದರೆ 12:30ರಿಂದ ಆಚೆಗೆ ಸಭೆ ಇಲ್ಲ ಎಂದೇ ಅರ್ಥ. ಅದೇ ತರ್ಕವನ್ನು ದಿನಗಳಿಗೆ ಅನ್ವಯಿಸಿದಾಗ ಮಾತ್ರ ವಿಚಿತ್ರವೆನಿಸುತ್ತದೆ. ಆಹ್ವಾನ ಪತ್ರಿಕೆಯಲ್ಲಿ "6ರಿಂದ 8ರವರೆಗೆ" ಎಂದಿರುವುದನ್ನು ನೋಡಿ `DTEND`ಗೆ `20230108` ಎಂದು ಬರೆದರೆ ಓದುಗನ ಕ್ಯಾಲೆಂಡರ್‌ನಲ್ಲಿ ಸಮ್ಮೇಳನ ಎರಡೇ ದಿನದ್ದಾಗುತ್ತದೆ, ಸಮಾರೋಪದ ದಿನ ಬಿಟ್ಟುಹೋಗುತ್ತದೆ. ಈ ಕೊಂಡಿಗಳಲ್ಲಿ ಪದೇ ಪದೇ ಕಂಡುಬರುವ ತಪ್ಪು ಇದು. ಗೂಗಲ್ ಕೊಂಡಿಯ `dates=20230106/20230109` ಎಂಬ ಭಾಗಕ್ಕೂ ಇದೇ ನಿಯಮ. ಒಂದೇ ದಿನದ ಕಾರ್ಯಕ್ರಮವಾದರೆ ಕಡತದಲ್ಲಿ `DTEND` ಸಾಲನ್ನೇ ಬಿಡಬಹುದು. ಆಗ ಒಂದು ದಿನ ಎಂದೇ ಗ್ರಹಿಸಲಾಗುತ್ತದೆ.

ದಿನಾಂಕ ಮಾತ್ರ ಇರುವ ನಮೂದು ಸಮಯ ವಲಯಕ್ಕೆ ತಕ್ಕಂತೆ ಸರಿಯುವುದಿಲ್ಲ. ಜನವರಿ 6 ಎಂಬುದು ಹಾವೇರಿಯಲ್ಲೂ ಹ್ಯೂಸ್ಟನ್ನಿನಲ್ಲೂ ಜನವರಿ 6 ಎಂದೇ ಕಾಣುತ್ತದೆ. ಊರಿಗೆ ಬಂದು ಭಾಗವಹಿಸುವವರಿಗೆ ಇದೇ ಸರಿ.

## ಕನ್ನಡ ಅಕ್ಷರಗಳು

ಕಾರ್ಯಕ್ರಮದ ಹೆಸರನ್ನು ಕನ್ನಡದಲ್ಲೇ ಬರೆಯಲು ಯಾವ ಅಡ್ಡಿಯೂ ಇಲ್ಲ, ಕಡತವನ್ನು ಯುಟಿಎಫ್-8 ಸಂಕೇತದಲ್ಲಿ ಉಳಿಸಬೇಕಷ್ಟೆ. ಉಳಿಸುವಾಗ ಬೇರೆ ಸಂಕೇತವನ್ನು ಆರಿಸಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ.

ಕನ್ನಡಕ್ಕೇ ವಿಶಿಷ್ಟವಾದ ತೊಡಕು ಬೇರೆಯದು. ಆಹ್ವಾನ ಪತ್ರಿಕೆಗಳು ಹೆಚ್ಚಾಗಿ ಸಿದ್ಧವಾಗುವುದು ಮುದ್ರಣಾಲಯಗಳ ಡಿಟಿಪಿ ಗಣಕಗಳಲ್ಲಿ, ನುಡಿ ಅಥವಾ ಶ್ರೀಲಿಪಿಯ ಯೂನಿಕೋಡ್ ಅಲ್ಲದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ. ಅವುಗಳಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಅಲ್ಲಿಂದ ಹೆಸರನ್ನು ನಕಲಿಸಿ ಕಡತಕ್ಕೆ ಅಂಟಿಸಿದರೆ ಓದುಗನ ಕ್ಯಾಲೆಂಡರ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲು ಕಾಣುತ್ತದೆ. ಪ್ರಶ್ನಾರ್ಥಕ ಚಿಹ್ನೆ ಕಂಡರೆ ಉಳಿಸುವಾಗ ತಪ್ಪಾಗಿದೆ, ರೋಮನ್ ಗೊಂಚಲು ಕಂಡರೆ ಮೂಲ ಬರಹವೇ ಯೂನಿಕೋಡ್ ಅಲ್ಲ ಎಂದು ತಿಳಿಯಬೇಕು. ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ಬದಲಿಸಬಹುದು. ಹೆಸರೊಂದೇ ಆದರೆ ಹೊಸದಾಗಿ ಬೆರಳಚ್ಚಿಸುವುದೇ ಬೇಗ.

ಇನ್ನೊಂದು ಸೂಕ್ಷ್ಮ ಸಂಗತಿ ಸಾಲಿನ ಉದ್ದಕ್ಕೆ ಸಂಬಂಧಿಸಿದ್ದು. ಒಂದು ಸಾಲು 75 ಬೈಟುಗಳನ್ನು ಮೀರಬಾರದೆಂದು ಮಾನಕವು ಸೂಚಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದಲ್ಲಿ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು, ಮತ್ತು ಕಾಗುಣಿತ ಹಾಗೂ ಒತ್ತಕ್ಷರಗಳು ಪ್ರತ್ಯೇಕ ಸಂಕೇತಗಳಾಗಿಯೇ ಲೆಕ್ಕಕ್ಕೆ ಬರುತ್ತವೆ. ಬಾಯಲ್ಲಿ ನಾಲ್ಕೇ ಅಕ್ಷರವಾದ "ಹೊಸರಿತ್ತಿ" ಒಳಗೆ ಒಂಬತ್ತು ಸಂಕೇತ, ಅಂದರೆ 27 ಬೈಟು. "ಹೊಸರಿತ್ತಿ, ಹಾವೇರಿ ತಾಲ್ಲೂಕು" ಎಂಬ ಪುಟ್ಟ ವಿಳಾಸವು `LOCATION:` ಎಂಬ ಪದ ಮತ್ತು ಓರೆಗೆರೆಯೂ ಸೇರಿ 82 ಬೈಟು ಆಗುತ್ತದೆ. ಮೇಲಿನ ಕಡತದಲ್ಲಿ ಅದನ್ನು ಎರಡು ಸಾಲಾಗಿ ಮಡಚಿರುವುದು ಈ ಕಾರಣಕ್ಕೆ. ಮಡಚಿದ ಸಾಲು ಒಂದು ಖಾಲಿ ಜಾಗದಿಂದ ಆರಂಭವಾಗಬೇಕು. ಓದುವಾಗ ಕ್ಯಾಲೆಂಡರ್ ಆ ಒಂದು ಜಾಗವನ್ನು ಕಿತ್ತುಹಾಕಿ ಎರಡೂ ಸಾಲುಗಳನ್ನು ಜೋಡಿಸುತ್ತದೆ. ಉದಾಹರಣೆಯಲ್ಲಿ ಎರಡು ಖಾಲಿ ಜಾಗಗಳಿವೆ. ಒಂದು ಮಡಿಕೆಯ ಗುರುತು, ಇನ್ನೊಂದು "ಹಾವೇರಿ" ಮತ್ತು "ತಾಲ್ಲೂಕು" ಪದಗಳ ನಡುವೆ ನಿಜವಾಗಿ ಇರಬೇಕಾದದ್ದು. ಒಂದನ್ನು ಬಿಟ್ಟರೆ "ಹಾವೇರಿತಾಲ್ಲೂಕು" ಎಂದಾಗುತ್ತದೆ.

ಉದ್ದವಾದ ಸಾಲನ್ನು ಹಾಗೆಯೇ ಬಿಟ್ಟರೂ ಬಹಳಷ್ಟು ಕ್ಯಾಲೆಂಡರ್‌ಗಳು ತಕರಾರಿಲ್ಲದೆ ಓದಿಕೊಳ್ಳುತ್ತವೆ. ನಿಜವಾದ ಹಾನಿ ಆಗುವುದು ಸ್ವಯಂಚಾಲಿತವಾಗಿ ಕಡತ ತಯಾರಿಸುವ ತಂತ್ರಾಂಶವು 75ನೆಯ ಬೈಟಿಗೆ ಕುರುಡಾಗಿ ಕತ್ತರಿಸಿದಾಗ. ಕತ್ತರಿ ಮೂರು ಬೈಟುಗಳ ನಡುವೆ ಬಿದ್ದರೆ ಒಂದು ಅಕ್ಷರ ಎರಡು ತುಂಡಾಗಿ, ಅದರ ಜಾಗದಲ್ಲಿ � ಚಿಹ್ನೆ ಕಾಣಿಸಿಕೊಳ್ಳಬಹುದು. ಹೆಸರಿನ ಉಳಿದ ಭಾಗವೆಲ್ಲ ಸರಿಯಿದ್ದು ನಡುವೆ ಒಂದೇ ಕಡೆ ಇಂತಹ ಚಿಹ್ನೆ ಬಂದಿದ್ದರೆ ಇದೇ ಕಾರಣವಿರಬಹುದೆಂದು ಊಹಿಸಬಹುದು. ಹೆಸರನ್ನು ಚಿಕ್ಕದಾಗಿಸುವುದು ತಕ್ಷಣದ ಉಪಾಯ. ಕ್ಯಾಲೆಂಡರ್‌ನ ಕಿರಿದಾದ ಚೌಕದಲ್ಲಿ "ಹುತಾತ್ಮರ ಸ್ಮರಣೆ" ಎಂಬಷ್ಟು ಸಾಕು. ಮುಖ್ಯ ಅತಿಥಿಗಳ ಬಿರುದಾವಳಿಗೆ ಅದು ತಕ್ಕ ಜಾಗವಲ್ಲ.

ಗೂಗಲ್ ಕೊಂಡಿಯಲ್ಲಿ ಕನ್ನಡ ಪದಗಳನ್ನು ಹಾಕುವಾಗ ಅವನ್ನು ಶೇಕಡಾ ಚಿಹ್ನೆಯ ಸಂಕೇತಕ್ಕೆ ಬದಲಿಸಲಾಗುತ್ತದೆ. "ಹ" ಎಂಬುದು `%E0%B2%B9` ಆಗುತ್ತದೆ. "ಹೊಸರಿತ್ತಿ" ಎಂಬ ಒಂದು ಪದ 81 ಅಕ್ಷರಗಳಷ್ಟು ಬೆಳೆಯುತ್ತದೆ. ಜಾವಾಸ್ಕ್ರಿಪ್ಟ್‌ನ `encodeURIComponent` ಈ ಕೆಲಸವನ್ನು ಮಾಡಿಕೊಡುತ್ತದೆ. ಹೆಸರಿನಲ್ಲಿ `&` ಚಿಹ್ನೆ ಇದ್ದರೆ ಅದನ್ನೂ ಸಂಕೇತಕ್ಕೆ ಬದಲಿಸಲೇಬೇಕು, ಇಲ್ಲವಾದರೆ ಹೆಸರು ಅಲ್ಲಿಗೇ ಕತ್ತರಿಸಿಹೋಗುತ್ತದೆ.

## ಪ್ರತಿವರ್ಷದ ಪುನರಾವರ್ತನೆ

ಏಪ್ರಿಲ್ 1ರಂತಹ ದಿನವನ್ನು ಪ್ರತಿವರ್ಷವೂ ತಾನಾಗಿಯೇ ಬರುವಂತೆ ಮಾಡಬಹುದು:

```
DTSTART;VALUE=DATE:20270401
RRULE:FREQ=YEARLY
```

ಇಲ್ಲಿ ಸಮಯವನ್ನು ಬಿಟ್ಟಿರುವುದು ಉದ್ದೇಶಪೂರ್ವಕ. ದಿನ ನಿಶ್ಚಿತವಾದರೂ ಸಭೆ ಸೇರುವ ಹೊತ್ತು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಸ್ಮರಣೆಯ ದಿನಕ್ಕೆ ಪುನರಾವರ್ತಿಸುವ ನಮೂದನ್ನೂ ಆ ವರ್ಷದ ಸಭೆಗೆ ಪ್ರತ್ಯೇಕ ನಮೂದನ್ನೂ ಕೊಡುವುದು ಲೇಸು. ಎರಡಕ್ಕೂ ಬೇರೆ ಬೇರೆ `UID` ಇರಬೇಕು.

ಜಾತ್ರೆ, ರಥೋತ್ಸವ, ಹಬ್ಬಗಳಿಗೆ ಈ ಸಾಲು ಸಲ್ಲದು. ಅವು ನಡೆಯುವುದು ತಿಥಿಯ ಮೇಲೆ. ಯುಗಾದಿಯು 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ ಬಂದಿದೆ. ಚೈತ್ರ ಶುದ್ಧ ಪಾಡ್ಯ ಎಂಬುದನ್ನು `FREQ=YEARLY` ಅರಿಯದು. 2024ರ ದಿನಾಂಕಕ್ಕೆ ಅದನ್ನು ಕಟ್ಟಿದ್ದರೆ ಮರುವರ್ಷ ಹಬ್ಬ ಮುಗಿದು ಹತ್ತು ದಿನಗಳಾದ ಮೇಲೆ ಮೊಬೈಲು ಯುಗಾದಿಯನ್ನು ನೆನಪಿಸುತ್ತಿತ್ತು. ತಿಥಿಯ ಉತ್ಸವಗಳಿಗೆ ಪಂಚಾಂಗವನ್ನು ನೋಡಿ ವರ್ಷ ವರ್ಷವೂ ಹೊಸ ಕಡತವನ್ನೇ ಬರೆಯಬೇಕು.

## ದಿನಾಂಕ ಬದಲಾದಾಗ

ಕ್ಯಾಲೆಂಡರ್ ಕೊಂಡಿಯ ದೊಡ್ಡ ಮಿತಿ ಇರುವುದು ಇಲ್ಲಿ. ಓದುಗನು ಒಮ್ಮೆ ಸೇರಿಸಿಕೊಂಡ ನಮೂದು ಅವನ ಸ್ವಂತದ ಪ್ರತಿ. ಪ್ರಕಟಣೆಯಲ್ಲಿ ತಾರೀಖನ್ನು ತಿದ್ದಿದರೂ ಅದು ತಿದ್ದಿಕೊಳ್ಳುವುದಿಲ್ಲ. ಹಾವೇರಿಯ ಸಮ್ಮೇಳನವೇ ಇದಕ್ಕೆ ಉದಾಹರಣೆ. ಅದು ಮೊದಲು ನಿಗದಿಯಾಗಿದ್ದು 2021ರ ಫೆಬ್ರವರಿ 26ರಿಂದ 28ರವರೆಗೆ. ಕೋವಿಡ್ ಕಾರಣದಿಂದ ಮುಂದೂಡಲ್ಪಟ್ಟು ಕಡೆಗೆ ನಡೆದದ್ದು ಸುಮಾರು ಎರಡು ವರ್ಷಗಳ ನಂತರ. ಮೊದಲ ತಾರೀಖನ್ನು ಯಾರಾದರೂ ಮೊಬೈಲಿನಲ್ಲಿ ಉಳಿಸಿಕೊಂಡಿದ್ದರೆ ಆ ಫೆಬ್ರವರಿಯಲ್ಲಿ ಅದು ಇಲ್ಲದ ಸಮ್ಮೇಳನವನ್ನು ನೆನಪಿಸದೆ ಇರುತ್ತಿರಲಿಲ್ಲ.

ಇದಕ್ಕೆ ಮೂರು ದಾರಿಗಳಿದ್ದರೂ ಯಾವುದೂ ಪೂರ್ಣವಲ್ಲ. ಅದೇ `UID`ಯನ್ನು ಉಳಿಸಿಕೊಂಡು, `SEQUENCE:1` ಎಂಬ ಸಾಲನ್ನು ಸೇರಿಸಿ, ಹೊಸ ದಿನಾಂಕದ ಕಡತವನ್ನು ಮತ್ತೆ ಪ್ರಕಟಿಸುವುದು ಒಂದು. ಓದುಗನು ಮತ್ತೊಮ್ಮೆ ಒತ್ತಿದರೆ ಕೆಲವು ಕ್ಯಾಲೆಂಡರ್‌ಗಳು ಹಳೆಯ ನಮೂದನ್ನೇ ತಿದ್ದುತ್ತವೆ, ಕೆಲವು ಎರಡನೆಯದೊಂದನ್ನು ಸೃಷ್ಟಿಸುತ್ತವೆ. ಗೂಗಲ್ ಕೊಂಡಿಯಲ್ಲಿ `UID` ಇಲ್ಲದಿರುವುದರಿಂದ ಅಲ್ಲಿ ಯಾವಾಗಲೂ ಹೊಸ ನಮೂದೇ ಆಗುತ್ತದೆ, ಹಳೆಯದನ್ನು ಓದುಗನು ಕೈಯಾರೆ ಅಳಿಸಬೇಕು.

ಚಂದಾದಾರಿಕೆ ಎರಡನೆಯದು. ಕೊಂಡಿಯನ್ನು `https:` ಎಂಬುದರ ಬದಲು `webcal:` ಎಂದು ಆರಂಭಿಸಿದರೆ, ಅದನ್ನು ಬಲ್ಲ ಕ್ಯಾಲೆಂಡರ್‌ಗಳು ಕಡತವನ್ನು ಒಮ್ಮೆ ಇಳಿಸಿಕೊಂಡು ಬಿಡುವ ಬದಲು ಆಗಾಗ ಮೂಲಕ್ಕೆ ಹೋಗಿ ಬದಲಾವಣೆಗಳನ್ನು ತರುತ್ತವೆ. ವರ್ಷವಿಡೀ ಕಾರ್ಯಕ್ರಮಗಳನ್ನು ನಡೆಸುವ ಸಂಸ್ಥೆಗೆ ಇದು ಒಪ್ಪುತ್ತದೆ. ಆದರೆ ಬದಲಾವಣೆ ಓದುಗನನ್ನು ತಲುಪಲು ಹಲವು ಗಂಟೆಗಳು ಹಿಡಿಯಬಹುದು. ಇಂದು ಸಂಜೆಯ ಸಭೆ ರದ್ದಾಯಿತೆಂದು ಮಧ್ಯಾಹ್ನ ತಿಳಿಸಲು ಇದನ್ನು ನಂಬುವಂತಿಲ್ಲ. ಒಂದೇ ಸಭೆಗಾಗಿ ಚಂದಾದಾರರಾಗಿ ಎಂದು ಕೇಳುವುದೂ ಅತಿಯಾಗುತ್ತದೆ.

ಮೂರನೆಯದು ಸರಳವಾದದ್ದು. ನಮೂದಿನ `DESCRIPTION` ಸಾಲಿನಲ್ಲಿ ಪ್ರಕಟಣೆಯ ವಿಳಾಸವನ್ನು ಕೊಟ್ಟು, ಹೊರಡುವ ಮುನ್ನ ಅಲ್ಲಿ ಖಚಿತಪಡಿಸಿಕೊಳ್ಳಿ ಎಂದು ಬರೆಯುವುದು. ಎಚ್ಚರಿಕೆಯ ಗಂಟೆ ಬಾರಿಸಿದಾಗ ಓದುಗನ ಕಣ್ಣಿಗೆ ಮೊದಲು ಬೀಳುವುದು ಆ ನಮೂದೇ. ವಿಳಾಸ ಅಲ್ಲಿಯೇ ಇದ್ದರೆ ಹುಡುಕುವ ಶ್ರಮವಿಲ್ಲ. ಸಭೆ ಮುಂದೂಡಲ್ಪಟ್ಟಾಗ ಆ ವಿಳಾಸದಲ್ಲಿರುವ ಪ್ರಕಟಣೆಯನ್ನು ತೆಗೆದುಹಾಕದೆ, ಅದರ ಮೇಲ್ಭಾಗದಲ್ಲಿ ಹಳೆಯ ತಾರೀಖು ಮತ್ತು ಹೊಸ ತಾರೀಖು ಎರಡನ್ನೂ ನಮೂದಿಸಬೇಕು. ಹಳೆಯ ಕೊಂಡಿಯ ಜಾಗದಲ್ಲಿ ಹೊಸ ಕೊಂಡಿಯನ್ನು ಅಂದೇ ಹಾಕಬೇಕು. ಬರಹದಲ್ಲಿ ಹೊಸ ತಾರೀಖು, ಕೊಂಡಿಯೊಳಗೆ ಹಳೆಯ ತಾರೀಖು ಉಳಿದುಕೊಳ್ಳುವುದು ಅಪರೂಪವಲ್ಲ, ಏಕೆಂದರೆ ಕೊಂಡಿಯೊಳಗಿನ ತಾರೀಖು ಕಣ್ಣಿಗೆ ಕಾಣುವುದಿಲ್ಲ. ತಿದ್ದಿದವರು ತಾವೇ ಒಮ್ಮೆ ಒತ್ತಿ, ತೆರೆದುಕೊಂಡ ನಮೂದಿನ ದಿನ, ವಾರ ಮತ್ತು ಹೊತ್ತನ್ನು ಅಚ್ಚಾದ ಆಹ್ವಾನ ಪತ್ರಿಕೆಯೊಂದಿಗೆ ಹೋಲಿಸಿ ನೋಡಿದಾಗ ಮಾತ್ರ ಅದು ಗೊತ್ತಾಗುತ್ತದೆ.